ಗಂಟೆಗೆ ಹದಿನೇಳು ಲೀಟರ್

ಅರವತ್ತನಾಲ್ಕು ಮನೆಗಳ ಆ ವಸತಿ ಸಂಘದಲ್ಲಿ ಅವಳನ್ನು ಎಲ್ಲರೂ ಸ್ಟೋರ್ಸ್ ಅಕ್ಕ ಎನ್ನುತ್ತಿದ್ದರು. ದೊಡ್ಡಾಸ್ಪತ್ರೆಯ ಖರೀದಿ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಹಿಂದಿನ ವರ್ಷವಷ್ಟೇ ನಿವೃತ್ತಳಾಗಿದ್ದಳು. ಹತ್ತಿಯ ಉಂಡೆಯಿಂದ ಹಿಡಿದು ಎಕ್ಸ್‌ರೇ ಯಂತ್ರದವರೆಗೆ ಅವಳ ಕೈ ದಾಟದೆ ಆಸ್ಪತ್ರೆಯೊಳಗೆ ಏನೂ ಬರುತ್ತಿರಲಿಲ್ಲ. ಅವಳ ಗಂಡನಿಗೂ ಸಂಘದಲ್ಲಿ ಒಂದು ಅಡ್ಡಹೆಸರಿತ್ತು. ಡೀಸೆಲ್ ತಾತ. ಅದನ್ನು ಯಾರೂ ಎದುರಿಗೆ ಹೇಳುತ್ತಿರಲಿಲ್ಲ. ಲಿಫ್ಟಿನಲ್ಲಿ ಒಮ್ಮೆ ಮೂರನೇ ಮಹಡಿಯ ಚಿಕ್ಕ ಹುಡುಗಿ ಮುಗ್ಧವಾಗಿ, "ಡೀಸೆಲ್ ತಾತ, ಐದನೇ ಬಟನ್ ಒತ್ತಿ" ಎಂದಾಗಲೇ ಅವರಿಬ್ಬರಿಗೂ ಅದು ಗೊತ್ತಾದದ್ದು. ಗಂಡ ಬಟನ್ ಒತ್ತಿದ. ಅಂದಿನಿಂದ ಮೆಟ್ಟಿಲು ಹತ್ತಿಯೇ ಓಡಾಡತೊಡಗಿದ.

ಹಿನ್ನೆಲೆ ಇಷ್ಟೇ. ಆರು ವರ್ಷದ ಹಿಂದೆ ಸಂಘಕ್ಕೆ ಜನರೇಟರ್ ಕೊಂಡಾಗ ಅವಳ ಗಂಡ ಖಜಾಂಚಿ, ಗಂಡನ ಅಣ್ಣ ಅಧ್ಯಕ್ಷ. ಯಾವುದು ಅಗ್ಗವೋ ಅದನ್ನೇ ಕೊಳ್ಳಬೇಕೆಂದು ಹಟ ಹಿಡಿದವನು ಅಣ್ಣ. ಡೀಸೆಲ್ ಕೋಣೆಯ ಕೀಲಿ ಇಟ್ಟುಕೊಂಡವನು ತಮ್ಮ. ಮಾರಿದವನು ಗಂಟೆಗೆ ಹತ್ತು ಲೀಟರ್ ಸಾಕು ಎಂದಿದ್ದ. ಯಂತ್ರ ಹದಿನೇಳು ಕುಡಿಯುತ್ತಿತ್ತು. ವರ್ಷಕ್ಕೆ ಏಳುನೂರು ಗಂಟೆ ಓಡಿದರೆ ಐದು ಸಾವಿರ ಲೀಟರಿನಷ್ಟು ವ್ಯತ್ಯಾಸ. ಎರಡನೇ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಯಾರೋ ಎದ್ದು ಕೇಳಿದರು, "ಇಷ್ಟು ಡೀಸೆಲ್ ಎಲ್ಲಿಗೆ ಹೋಗ್ತಾ ಇದೆ?" ಅಧ್ಯಕ್ಷನಾಗಿದ್ದ ಅಣ್ಣ ತನ್ನ ಆಯ್ಕೆಯನ್ನು ಬಿಟ್ಟುಕೊಡಲಿಲ್ಲ. ಮೈಕು ಹಿಡಿದು, "ಕೀಲಿ ಯಾರ ಹತ್ರ ಇದೆಯೋ ಅವರೇ ಉತ್ತರ ಕೊಡಬೇಕು" ಎಂದುಬಿಟ್ಟ. ಒಡಹುಟ್ಟಿದವನ ಬಾಯಿಂದಲೇ ಬಂದ ಮಾತಿಗೆ ಸಾಕ್ಷಿ ಯಾರಿಗೆ ಬೇಕು? ತಮ್ಮ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದ. ಆಮೇಲೆ ಯಾವ ಸಭೆಗೂ ಹೋಗಲಿಲ್ಲ. ಅಣ್ಣ ಎರಡನೇ ಮಹಡಿಯಲ್ಲಿ, ತಮ್ಮ ಐದನೇ ಮಹಡಿಯಲ್ಲಿ. ನಾಲ್ಕು ವರ್ಷದಿಂದ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ.

ಈಗ ಆ ಹಳೆಯ ಯಂತ್ರ ಕರಿಹೊಗೆ ಉಗುಳಿ, ರಿಪೇರಿಗೆ ಬಂದವನೂ ಕೈಮುಗಿದು ಹೋದ ಮೇಲೆ, ಅದು ಹೇಗೋ ಓಡುತ್ತಿದ್ದರೂ ಹೊಸದು ಕೊಳ್ಳಬೇಕಾಗಿ ಬಂತು. ಸಂಘದ ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಆಕೆ ಸ್ಟೋರ್ಸ್ ಅಕ್ಕನ ಮನೆಗೆ ಬಂದು, "ಟೆಂಡರ್ ಕಾಗದ ನೀವೇ ಬರ್ಕೊಡಿ ಅಕ್ಕ. ನಮಗೆ ಹಲ್ಲು ಕೀಳೋದು ಬಿಟ್ರೆ ಬೇರೆ ಬರಲ್ಲ" ಎಂದರು.

ಗಂಡ ಒಳಕೋಣೆಯಿಂದಲೇ, "ಬೇಡ" ಎಂದ.

ಅವಳು, "ಬರೀತೀನಿ" ಎಂದಳು.

ಬರೆಯುವ ಮೊದಲು ಎರಡು ಕೆಲಸ ಮಾಡಿದಳು. ಸಂಘದ ಎಲೆಕ್ಟ್ರಿಶಿಯನ್‌ಗೆ ಹೇಳಿ, ಒಂದು ವಾರ ಕರೆಂಟು ಹೋದಾಗಲೆಲ್ಲ ಪ್ಯಾನೆಲ್ಲಿನ ಮೀಟರ್ ನೋಡಿಸಿ ಬರೆಸಿದಳು. ಲಿಫ್ಟು, ನೀರಿನ ಪಂಪು, ಮನೆಗಳ ದೀಪ, ಫ್ಯಾನು ಎಲ್ಲ ಸೇರಿ ಸರಾಸರಿ ಐವತ್ತು ಕಿಲೋವ್ಯಾಟ್. ಬೇಕಾದದ್ದು ನೂರು ಕಿಲೋವ್ಯಾಟಿನ ಯಂತ್ರ. ಒಟ್ಟಿಗೆ ಎಲ್ಲ ಮೋಟಾರುಗಳು ಶುರುವಾದಾಗ ತಡೆದುಕೊಳ್ಳಲು ಅಷ್ಟು ಶಕ್ತಿ ಬೇಕು, ಆದರೆ ಹೆಚ್ಚಿನ ಹೊತ್ತು ಅದು ಅರ್ಧ ಹೊರೆಯಲ್ಲೇ ಓಡುತ್ತದೆ. ಹಾಗಾದರೆ ಅರ್ಧ ಹೊರೆಯಲ್ಲಿ ಅದು ಎಷ್ಟು ಕುಡಿಯುತ್ತದೆ ಎಂಬುದೇ ಮುಖ್ಯ.

ಎರಡನೆಯದಾಗಿ, ಸಂಘದ ಕಪಾಟಿನಿಂದ ಹಳೆಯ ಕಡತ ತೆಗೆದಳು. ಧೂಳಿಗೆ ಸೀನುತ್ತ ತಿರುವಿಹಾಕುವಾಗ ಆರು ವರ್ಷದ ಹಿಂದಿನ ಬಣ್ಣದ ಕರಪತ್ರ ಸಿಕ್ಕಿತು. "ಗಂಟೆಗೆ ಕೇವಲ ಹತ್ತು ಲೀಟರ್" ಎಂದು ಬೆರಳುದ್ದದ ಅಕ್ಷರಗಳಲ್ಲಿತ್ತು. ಪುಟದ ಬುಡದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, "ಕಾಲು ಹೊರೆಯಲ್ಲಿ" ಎಂದಿತ್ತು. ಅಂದರೆ ಯಂತ್ರದ ಶಕ್ತಿಯ ಕಾಲು ಭಾಗವನ್ನಷ್ಟೇ ಬಳಸಿದರೆ ಮಾತ್ರ ಹತ್ತು. ಓಡಿದ ಗಂಟೆ, ಹಾಕಿದ ಡೀಸೆಲ್ ಬರೆದಿಡುವ ಪುಸ್ತಕ ತೆಗೆದಳು. ಮೊದಲ ತಿಂಗಳ ಪುಟ, ಗಂಡನ ದುಂಡು ಕೈಬರಹ. ಐವತ್ತೆಂಟು ಗಂಟೆ, ಒಂಬೈನೂರ ಎಂಬತ್ತಾರು ಲೀಟರ್. ಭಾಗಿಸಿದಳು. ಗಂಟೆಗೆ ಹದಿನೇಳು. ಯಂತ್ರ ಹೊಸದಾಗಿದ್ದಾಗಲೇ ಹದಿನೇಳು! ನಂತರ ಗಂಡ ಕೀಲಿ ಬಿಟ್ಟುಕೊಟ್ಟ ಮೇಲಿನ ಪುಟಗಳು, ವಾಚ್‌ಮನ್‌ನ ಓರೆ ಅಕ್ಷರಗಳು. ಒಂದೊಂದೇ ತಿಂಗಳು ಭಾಗಿಸುತ್ತ ಹೋದಳು. ಹದಿನೇಳು. ಹದಿನೇಳು. ಹದಿನೇಳೂಕಾಲು.

"ಅವರು ಕೀಲಿ ಬಿಟ್ಟು ನಾಲ್ಕು ವರ್ಷ ಆಯ್ತು" ಎಂದಳು, ಮೀಟರಿನ ಲೆಕ್ಕ ಕೊಡಲು ಬಂದಿದ್ದ ಎಲೆಕ್ಟ್ರಿಶಿಯನ್‌ಗೆ. "ಕದ್ದೋರು ಅವರಾಗಿದ್ರೆ ಒಂದು ಲೀಟರಾದ್ರೂ ಕಮ್ಮಿ ಆಗ್ಬೇಕಿತ್ತಲ್ಲಪ್ಪ? ಯಾವನಾದ್ರೂ ಒಬ್ಬ, ಒಂದೇ ಒಂದು ಸಲ, ಈ ಪುಸ್ತಕ ಬಿಚ್ಚಿ ನೋಡಿದ್ನಾ?"

ಎಲೆಕ್ಟ್ರಿಶಿಯನ್ ತಲೆ ತಗ್ಗಿಸಿದ. "ನಾನೂ ನೋಡ್ಲಿಲ್ಲ ಅಕ್ಕ" ಎಂದ. ಅವನೊಬ್ಬನಾದರೂ ಹಾಗಂದನಲ್ಲ ಎಂದು ಅವಳಿಗೆ ಅಳು ಬಂದಂತಾಯಿತು. ಅಳಲಿಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

ಟೆಂಡರ್ ಕಾಗದದಲ್ಲಿ ಅವಳು ಒಂದು ಪುಟವನ್ನು ಲೆಕ್ಕದ ರೀತಿಗೇ ಮೀಸಲಿಟ್ಟಳು. ಯಂತ್ರದ ಬೆಲೆಯೊಂದೇ ಅಲ್ಲ. ಸಾಗಣೆ, ಕಟ್ಟೆ, ಹೊಗೆಕೊಳವೆ, ಕೇಬಲ್, ತಾನಾಗಿ ಶುರುವಾಗುವ ಪ್ಯಾನೆಲ್ ಎಲ್ಲವನ್ನೂ ಕೂಡಿಸಲಾಗುವುದು. ಅರ್ಧ ಹೊರೆಯಲ್ಲಿ ಗಂಟೆಗೆ ತಗಲುವ ಡೀಸೆಲ್ಲನ್ನು ತಯಾರಕರ ಪರೀಕ್ಷಾ ವರದಿಯ ಸಮೇತ ಕೊಡಬೇಕು. ವರ್ಷಕ್ಕೆ ಏಳುನೂರು ಗಂಟೆ, ಲೀಟರಿಗೆ ತೊಂಬತ್ತು. ವಾರ್ಷಿಕ ನಿರ್ವಹಣೆಯ ದರ. ಹತ್ತು ವರ್ಷಕ್ಕೆ ಇವೆಲ್ಲದರ ಮೊತ್ತ ಯಾರದು ಅತಿ ಕಡಿಮೆಯೋ ಅವರಿಗೇ ಕೆಲಸ. ಈಗಲೂ ಅಧ್ಯಕ್ಷನಾಗಿದ್ದ ಭಾವ, ಗಂಡನ ಆ ಅಣ್ಣ, ಅದಕ್ಕೆ ಓದದೆಯೇ ಸಹಿ ಹಾಕಿದ. ಅದು ಸೂಚನಾ ಫಲಕಕ್ಕೂ ಹೋಯಿತು, ಟೆಂಡರ್ ಹಾಕುವವರ ಕೈಗೂ ಹೋಯಿತು.

ಗಡುವಿನ ದಿನ ಮಧ್ಯಾಹ್ನ ಮೂರಕ್ಕೆ ಸಂಘದ ಕಚೇರಿಯಲ್ಲಿ ಲಕೋಟೆ ಒಡೆದರು. ಕಿಟಕಿಯಿಲ್ಲದ ಕೋಣೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಮೂವರು ಟೆಂಡರ್‌ದಾರರ ಕಡೆಯವರು ಗೋಡೆಗೆ ಒರಗಿ ನಿಂತಿದ್ದರು. ಅರಗಿನ ಮುದ್ರೆ ಹಾಗೇ ಇದೆಯೆಂದು ಎಲ್ಲರಿಗೂ ತೋರಿಸಿ, ಡಾಕ್ಟರು ಒಂದೊಂದೇ ಕತ್ತರಿಸಿದರು. ಪ್ರತಿ ಪುಟಕ್ಕೂ ಡಾಕ್ಟರು, ಭಾವ, ಅವಳು ಮೂವರೂ ಕಿರುಸಹಿ ಹಾಕಿದರು. ಮೊದಲನೆಯವನದು ಒಂಬತ್ತು ಲಕ್ಷ ಎಂಬತ್ತು ಸಾವಿರ. ಹಳೆಯ ಯಂತ್ರ ಮಾರಿದ ಅಂಗಡಿಯವನೇ ಅವನು. ಎರಡನೆಯವರದು ಹನ್ನೆರಡು ಲಕ್ಷ ಅರವತ್ತು ಸಾವಿರ. ಮೂರನೆಯವರದು ಹದಿನಾಲ್ಕೂವರೆ ಲಕ್ಷ.

ಭಾವ ಎರಡೂ ಕೈ ಮೇಜಿಗೆ ಹೊಡೆದು ಎದ್ದ. "ಮುಗೀತಲ್ಲ! ಒಂಬತ್ತು ಎಂಬತ್ತು. ಹತ್ತರ ಒಳಗೆ ಮುಗಿಸ್ತೀನಿ ಅಂತ ಸದಸ್ಯರಿಗೆ ಮಾತು ಕೊಟ್ಟಿದ್ದೆ, ಮುಗಿಸಿದೆ."

"ಕೂತ್ಕೊಳ್ಳಿ ಭಾವ" ಎಂದಳು. "ಇನ್ನೂ ಓದೋದಿದೆ."

"ಇನ್ನೇನಮ್ಮ ಓದೋದು? ಒಂಬತ್ತು ದೊಡ್ಡದಾ, ಹನ್ನೆರಡು ದೊಡ್ಡದಾ?"

ಅವಳು ಒಂಬತ್ತು ಎಂಬತ್ತರವನ ಮೂರನೇ ಪುಟ ತೆರೆದು ಗಟ್ಟಿಯಾಗಿ ಓದಿದಳು. ಪ್ಯಾನೆಲ್, ಕೇಬಲ್ ಬೇರೆ, ಒಂದು ಲಕ್ಷ ಅರವತ್ತು ಸಾವಿರ. ಸಾಗಣೆ, ಕಟ್ಟೆ, ಹೊಗೆಕೊಳವೆ ಬೇರೆ, ಎಪ್ಪತ್ತು ಸಾವಿರ. ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಗಂಟೆಗೆ ಒಂಬತ್ತೂವರೆ ಲೀಟರ್. ಹಿಂದಿನ ಪರೀಕ್ಷಾ ವರದಿಯಲ್ಲಿ ಅದು ಕಾಲು ಹೊರೆಯ ಅಂಕಿ. ಅರ್ಧ ಹೊರೆಯ ಸಾಲಿನಲ್ಲಿ ಹದಿನಾರು.

"ಅದೇ ಮಂತ್ರ" ಎಂದಳು. "ಆರು ವರ್ಷದ ಹಿಂದೆ ಹೇಳಿದ ಅದೇ ಮಂತ್ರ."

ಅಂಗಡಿಯ ಕಡೆಯವನು ಗೋಡೆ ಬಿಟ್ಟು ಮುಂದೆ ಬಂದು ಹಲ್ಲು ಕಿರಿದ. "ಮೇಡಂ, ಅದೆಲ್ಲ ಅಡ್ಜಸ್ಟ್ ಮಾಡ್ಕೊಳ್ಳೋಣ."

"ಒಡೆದ ಲಕೋಟೆಯೊಳಗೆ ಅಡ್ಜಸ್ಟ್ ಮಾಡೋಕೆ ಏನೂ ಇರಲ್ಲ. ಹಿಂದೆ ಹೋಗಿ ನಿಂತ್ಕೋ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಭಾವನೇ ಒಂದು ಕಾಗದ ಹಿಡಿದು ಕಚೇರಿಗೆ ಬಂದ. ಅಂಗಡಿಯವನ ಹೊಸ ಪತ್ರ. ಪ್ಯಾನೆಲ್ ಉಚಿತ, ಡೀಸೆಲ್ ಹದಿನಾಲ್ಕೇ ಲೀಟರ್. ಎರಡನೆಯವರ ಅಂಕಿಯೂ ಹದಿನಾಲ್ಕೇ ಆಗಿತ್ತು.

"ನೋಡಮ್ಮ, ಸಂಘಕ್ಕೆ ಲಾಭ ತಾನೇ? ಸೇರಿಸ್ಕೊಂಡು ಲೆಕ್ಕ ಹಾಕು."

"ನಿನ್ನೆ ಹದಿನಾರು ಕುಡೀತಿದ್ದ ಯಂತ್ರಕ್ಕೆ ರಾತ್ರಿ ಕಳೆಯೋದ್ರೊಳಗೆ ಬಾಯಾರಿಕೆ ಕಮ್ಮಿ ಆಯ್ತಾ?" ಅವಳು ಸಂಘದ ಮುದ್ರೆ ಒತ್ತಿ, ಪತ್ರದ ಮೇಲೆ ದಿನಾಂಕ, ಗಂಟೆ ಬರೆದು, 'ಲಕೋಟೆ ಒಡೆದ ನಂತರ ಬಂದದ್ದು, ಪರಿಗಣಿಸಿಲ್ಲ' ಎಂದು ಬರೆದಳು. "ಉಳಿದಿಬ್ಬರ ದರ ಕಿವಿಯಾರೆ ಕೇಳ್ಕೊಂಡು ಹೋಗಿ ಬರೆದಿರೋದು ಇದು. ಇದನ್ನ ತಗೊಂಡ್ರೆ ಅರಗು ಯಾಕೆ, ಮುದ್ರೆ ಯಾಕೆ? ಸಂತೆಯಲ್ಲಿ ಕೂಗಿ ಕೊಳ್ಳೋಣ."

ಡಾಕ್ಟರು ಮೆಲ್ಲಗೆ, "ಹಾಗಾದ್ರೆ ಎರಡನೆಯವರನ್ನ ಕರೆದು, ಇವನ ದರ ತೋರಿಸಿ ಸ್ವಲ್ಪ ಇಳಿಸಿ ಅಂತ ಕೇಳಬಹುದಾ ಅಕ್ಕ?" ಎಂದರು.

"ಅದೂ ಅದೇ ಕಳ್ಳತನವೇ ಡಾಕ್ಟ್ರೇ. ನಮಗೆ ಅನುಕೂಲ ಆದ್ರೆ ಹೆಸರು ಬದಲಾಗಲ್ಲ."

ಭಾವನ ಮುಖ ಕೆಂಪಾಯಿತು. "ಕಳ್ಳತನ ಅನ್ನೋ ಮಾತು ನಿಮ್ಮ ಮನೆಯೋರ ಬಾಯಲ್ಲಿ ಬರಬಾರದು" ಎಂದ.

ಅವಳ ಕೈಲಿದ್ದ ಪೆನ್ನಿನ ಮುಚ್ಚಳ ಪಟಕ್ಕನೆ ಮುರಿಯಿತು. ಇದೊಂದು ಕೋಣೆ, ಮೂರೇ ಜನ. ಆ ಪುಸ್ತಕದ ಲೆಕ್ಕ ಇಲ್ಲಿ ಹೇಳಿದರೆ ಇಲ್ಲೇ ಹೂತುಹೋಗುತ್ತದೆ ಎಂದು ಅವಳಿಗೆ ಅನಿಸಿತು. ಕಡತ ಮುಚ್ಚಿದಳು. "ಭಾನುವಾರ ಸಭೆ ಇದೆಯಲ್ಲ ಭಾವ. ಅಲ್ಲೇ ಹೇಳ್ತೀನಿ."

ಆ ಸಂಜೆ ಗಂಡನಿಗೆ ವಿಷಯ ತಿಳಿದು ರೇಗಿದ. "ನಿನಗ್ಯಾಕೆ ಈ ಉಸಾಬರಿ? ಹೇಗೋ ಜನ ಮರೀತಾ ಇದ್ರು."

"ಯಾರು ಮರೆತ್ರು? ನೀವು ಮರೆತ್ರಾ? ಐದು ಮಹಡಿ ಹತ್ತಿ ಮಂಡಿ ನೋವು ಅಂತ ಎಣ್ಣೆ ತಿಕ್ಕಿಸ್ಕೊಳ್ಳೋದು ನನ್ನ ಕೈಲೇ ಅಲ್ವಾ?"

"ಅವನು ನನ್ನ ಅಣ್ಣ ಕಣೇ."

"ಅದಕ್ಕೇ ನನಗೆ ಇಷ್ಟು ಸಿಟ್ಟು."

ಅವನು ಎದ್ದು ಬಾಲ್ಕನಿಗೆ ಹೋದ. ಅವಳು ಊಟದ ಮೇಜಿನ ಮೇಲೆ ಹಾಳೆ ಹರವಿ ಲೆಕ್ಕಕ್ಕೆ ಕೂತಳು. ಬೇಕೆಂದೇ ಎರಡು ಸಲ ಮಾಡಿದಳು, ಎರಡನೇ ಸಲ ಕೊನೆಯಿಂದ ಮೊದಲಿಗೆ. ಸಿಟ್ಟಿನಲ್ಲಿ ಒಂದು ಸೊನ್ನೆ ತಪ್ಪಿದರೂ ಇಡೀ ಮಾತು ನೆಲ ಕಚ್ಚುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮರುದಿನ ಆ ಹಾಳೆಯನ್ನು ಸೂಚನಾ ಫಲಕಕ್ಕೆ ಅಂಟಿಸಿ, ಕೆಳಗೆ, 'ತಪ್ಪು ಕಂಡರೆ ಪೆನ್ನಿನಿಂದ ತಿದ್ದಿ, ಸಹಿ ಹಾಕಿ' ಎಂದು ಬರೆದಳು. ಮೂರು ದಿನ ಯಾರೂ ತಿದ್ದಲಿಲ್ಲ. ಯಾರೋ ಒಬ್ಬರು ಮಾತ್ರ ಪೆನ್ಸಿಲಿನಲ್ಲಿ, 'ಎರಡನೇ ಕಂಪನಿಯಿಂದ ಎಷ್ಟು ಸಿಗುತ್ತೆ?' ಎಂದು ಗೀಚಿದ್ದರು. ಅದನ್ನು ಅಳಿಸಲು ಹೋದ ಎಲೆಕ್ಟ್ರಿಶಿಯನ್‌ನನ್ನು ಅವಳು ತಡೆದಳು.

ಭಾನುವಾರ ಬೆಳಿಗ್ಗೆ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿದ್ದರು. ಐವತ್ತಕ್ಕೂ ಹೆಚ್ಚು ಮನೆಯವರು ಬಂದಿದ್ದರು. ಜಗಳ ಇದೆಯೆಂದರೆ ಕೋರಂ ಸಮಸ್ಯೆ ಇರುವುದಿಲ್ಲ. ಭಾವ ಮೈಕು ಹಿಡಿದು ಒಂಬತ್ತು ಲಕ್ಷ ಎಂಬತ್ತು ಸಾವಿರ ಎಂದು ಮೂರು ಸಲ ಹೇಳಿದ. ಕೆಲವರು ತಲೆಯಾಡಿಸಿದರು. ಕೊನೆಗೆ ಅವಳ ಸರದಿ ಬಂತು.

"ಮೊದಲು ಪೆನ್ಸಿಲ್‌ನೋರಿಗೆ ಉತ್ತರ" ಎಂದಳು. "ಎರಡನೇ ಕಂಪನಿಯಿಂದ ನನಗೆ ಏನೂ ಸಿಗಲ್ಲ. ನಿಮಗೆ ಎಷ್ಟು ಸಿಗುತ್ತೆ ಅಂತ ಹೇಳ್ತೀನಿ, ಕೇಳಿ."

ಮೊದಲನೆಯವನ ಒಂಬತ್ತು ಎಂಬತ್ತಕ್ಕೆ ಅವನೇ ಬೇರೆ ಎಂದು ಬರೆದದ್ದನ್ನೆಲ್ಲ ಕೂಡಿಸಿದರೆ ಹನ್ನೆರಡು ಲಕ್ಷ ಹತ್ತು ಸಾವಿರ. ಎರಡನೆಯವರ ಹನ್ನೆರಡು ಅರವತ್ತರಲ್ಲಿ ಎಲ್ಲವೂ ಸೇರಿದೆ. ಹಾಗಾಗಿ ಸುಮಾರು ಮೂರು ಲಕ್ಷದಂತೆ ಕಂಡ ಅಂತರ ನಿಜಕ್ಕೂ ಐವತ್ತು ಸಾವಿರ. ಇನ್ನು ಓಡಿಸುವ ಖರ್ಚು. ಗಂಟೆಗೆ ಎರಡು ಲೀಟರ್ ಹೆಚ್ಚು, ಏಳುನೂರು ಗಂಟೆ, ಲೀಟರಿಗೆ ತೊಂಬತ್ತು: ವರ್ಷಕ್ಕೆ ಒಂದು ಲಕ್ಷ ಇಪ್ಪತ್ತಾರು ಸಾವಿರ. ನಿರ್ವಹಣೆಗೆ ಅವನು ನಲವತ್ತೈದು ಸಾವಿರ ಕೇಳಿದ್ದಾನೆ, ಇವರು ಮೂವತ್ತು. ಹತ್ತು ವರ್ಷಕ್ಕೆ ಅವನದು ನೂರ ಹದಿನೇಳು ಲಕ್ಷ ನಲವತ್ತು ಸಾವಿರ, ಇವರದು ನೂರ ಮೂರು ಲಕ್ಷ ಎಂಬತ್ತು ಸಾವಿರ.

"ಹದಿಮೂರು ಲಕ್ಷ ಅರವತ್ತು ಸಾವಿರ" ಎಂದಳು. "ಇನ್ನೊಂದು ಜನರೇಟರೇ ಬರುತ್ತೆ."

"ಹಾಗಾದ್ರೆ ಎಲ್ಲಕ್ಕಿಂತ ದುಬಾರಿದೇ ಒಳ್ಳೇದು ಅನ್ನಿ" ಎಂದು ಹಿಂದಿನ ಸಾಲಿನಿಂದ ಯಾರೋ ಕುಹಕವಾಡಿದರು.

"ಅಲ್ಲ. ಮೂರನೆಯವರದು ಇನ್ನೂ ಸ್ವಲ್ಪ ಕಮ್ಮಿ ಕುಡಿಯುತ್ತೆ, ನಿಜ. ಆದ್ರೆ ಹತ್ತು ವರ್ಷಕ್ಕೂ ಆ ಹೆಚ್ಚಿನ ಬೆಲೆ ವಾಪಸ್ ಬರಲ್ಲ. ಅವರು ಎರಡನೆಯವರಿಗಿಂತ ಎಂಬತ್ತನಾಲ್ಕು ಸಾವಿರ ಮೇಲೇ ನಿಲ್ತಾರೆ. ನಾನು ದುಬಾರಿ ಕೊಳ್ಳಿ ಅಂತಿಲ್ಲ, ಅಗ್ಗವಾದ್ದೇ ಕೊಳ್ಳಿ ಅಂತಿದೀನಿ. ಅಗ್ಗ ಯಾವುದು ಅಂತ ಪೂರ್ತಿ ಕೂಡಿಸಿ ನೋಡಿ ಅಂತಿದೀನಿ."

ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರು ಎದ್ದು, ಹತ್ತು ವರ್ಷದ ನಂತರದ ದುಡ್ಡಿಗೆ ಇವತ್ತಿನ ಬೆಲೆ ಇರುವುದಿಲ್ಲವಲ್ಲ ಎಂದರು. ಪ್ರಾಮಾಣಿಕ ಪ್ರಶ್ನೆ. ಅವಳ ದನಿ ಮೊದಲ ಬಾರಿಗೆ ಇಳಿಯಿತು. ವರ್ಷಕ್ಕೆ ನೂರಕ್ಕೆ ಎಂಟರಂತೆ ಮುಂದಿನ ಖರ್ಚನ್ನು ಇಳಿಸಿ ನೋಡಿದರೂ ಸುಮಾರು ಒಂಬತ್ತು ಲಕ್ಷ ಉಳಿಯುತ್ತದೆ, ಹಾಳೆಯ ಹಿಂಬದಿಯಲ್ಲಿದೆ ಎಂದಳು. ಕರೆಂಟು ಸುಧಾರಿಸಿ ವರ್ಷಕ್ಕೆ ಇನ್ನೂರೇ ಗಂಟೆ ಓಡಿದರೂ ಐವತ್ತು ಸಾವಿರ ಒಂದೇ ವರ್ಷದಲ್ಲಿ ತೀರುತ್ತದೆ. ಬ್ಯಾಂಕಿನವರು ಮೊಬೈಲಿನಲ್ಲಿ ಗುಣಿಸಿ ನೋಡಿ, "ಸರಿಯಾಗಿದೆ" ಎಂದು ಕೂತರು.

ಭಾವ ಮೈಕು ಕಿತ್ತುಕೊಂಡ. "ಈ ಲೀಟರಿನ ಲೆಕ್ಕ ಯಾರು ನಂಬ್ತಾರೆ? ಕಾಗದದಲ್ಲಿ ಹತ್ತು ಇದ್ದದ್ದು ನಮ್ಮಲ್ಲಿ ಹದಿನೇಳು ಆಗಲಿಲ್ವಾ? ಕಾಗದ ಒಂದು ಹೇಳುತ್ತೆ, ಕೋಣೆಯಲ್ಲಿ ಆಗೋದೇ ಒಂದು."

ಅವನು ತಾನೇ ಹಳ್ಳ ತೋಡಿ ತಾನೇ ಬಿದ್ದ. ಅವಳು ಚೀಲದಿಂದ ಹಳೆಯ ಕರಪತ್ರ ತೆಗೆದು ಬ್ಯಾಂಕಿನವರ ಕೈಗಿತ್ತಳು. "ಬುಡದಲ್ಲಿರೋದನ್ನ ಗಟ್ಟಿಯಾಗಿ ಓದಿ ಸರ್."

"ಕಾಲು ಹೊರೆಯಲ್ಲಿ" ಎಂದು ಓದಿದರು.

"ನಮ್ಮದು ಅರ್ಧ ಹೊರೆ. ಹೊರೆ ಹೆಚ್ಚಾದ್ರೆ ಡೀಸೆಲ್ ಹೆಚ್ಚು ಕುಡಿಯುತ್ತೆ; ಮೂಟೆ ಹೊತ್ತೋನಿಗೆ ಹಸಿವು ಜಾಸ್ತಿ. ಈಗ ಈ ಪುಸ್ತಕ ನೋಡಿ. ಮೊದಲ ತಿಂಗಳು ಹದಿನೇಳು. ನನ್ನ ಗಂಡ ಕೀಲಿ ಬಿಟ್ಟ ತಿಂಗಳು ಹದಿನೇಳು. ಬಿಟ್ಟ ಮರುತಿಂಗಳು ಹದಿನೇಳು. ಹೋದ ತಿಂಗಳು ಹದಿನೇಳೂಕಾಲು." ಪುಸ್ತಕವನ್ನು ಎದುರಿನ ಸಾಲಿನವರ ಮಡಿಲಿಗೆ ಬಿಸಾಡಿದಳು. "ಕಳ್ಳ ಯಾರು ಅಂತ ನಾಲ್ಕು ವರ್ಷ ಪಿಸುಗುಟ್ಟಿದ್ರಲ್ಲ? ಕಳ್ಳ ಅಗೋ, ಕಾಂಪೌಂಡ್ ಮೂಲೆಯಲ್ಲಿ ಹೊಗೆ ಉಗುಳ್ತಾ ನಿಂತಿದೆ. ಅದನ್ನ ಅಗ್ಗ ಅಂತ ಮನೆಗೆ ಕರ್ಕೊಂಡು ಬಂದೋರು ಯಾರು ಭಾವ?"

ಪುಸ್ತಕ ಕೈಯಿಂದ ಕೈಗೆ ಹೋಯಿತು. ಜನ ಮೊಬೈಲು ತೆಗೆದು ಭಾಗಿಸತೊಡಗಿದರು. ಒಬ್ಬೊಬ್ಬರೇ ತಲೆ ತಗ್ಗಿಸಿದರು. ಡಾಕ್ಟರು ಎದ್ದು, ಎರಡನೆಯವರಿಗೆ ಕೆಲಸ ಕೊಡಲು ಒಪ್ಪುವವರು ಕೈ ಎತ್ತಿ ಎಂದರು. ಕೈಗಳ ಕಾಡೇ ಎದ್ದಿತು. ಎರಡನೆಯವರು ಇಲ್ಲೇ ಅರ್ಧ ಹೊರೆಯಲ್ಲಿ ಓಡಿಸಿ, ಅಳೆದು ತೋರಿಸಿದ ಮೇಲೇ ಕೊನೆಯ ಕಂತು ಎಂಬ ಷರತ್ತು ಟೆಂಡರಿನಲ್ಲೇ ಇತ್ತು. ಅದನ್ನೂ ಓದಿ ಹೇಳಿದರು. ಯಾರೋ ಚಪ್ಪಾಳೆ ಶುರುಮಾಡಿದರು.

"ಚಪ್ಪಾಳೆ ಬೇಡ!" ಅವಳು ಕೂಗಿದ ರಭಸಕ್ಕೆ ಪಾರ್ಕಿಂಗ್ ಗೋಡೆಗಳು ಮಾರುತ್ತರ ಕೊಟ್ಟವು. "ಹದಿಮೂರು ಲಕ್ಷ ಉಳೀತು ಅಂತ ಚಪ್ಪಾಳೆ ಹೊಡೀತೀರಿ. ಒಬ್ಬ ಮನುಷ್ಯನ ನಾಲ್ಕು ವರ್ಷ ಹೋಯ್ತಲ್ಲ, ಅದನ್ನ ಯಾವ ಸಾಲಿನಲ್ಲಿ ಕೂಡಿಸಲಿ? ನಡವಳಿ ಪುಸ್ತಕ ತನ್ನಿ. ಡೀಸೆಲ್ ಕಳುವಾಗಿರಲಿಲ್ಲ, ಆ ಮಾತು ಸುಳ್ಳಾಗಿತ್ತು ಅಂತ ಇವತ್ತಿನ ಪುಟದಲ್ಲಿ ಬರೀಬೇಕು. ಅಧ್ಯಕ್ಷರ ಕೈಬರಹದಲ್ಲೇ ಬರೀಬೇಕು."

ಭಾವ ಅತ್ತಿತ್ತ ನೋಡಿದ. ಅವನ ಪರವಾಗಿ ಮಾತಾಡಲು ಯಾರೂ ಏಳಲಿಲ್ಲ. ನಡವಳಿ ಪುಸ್ತಕವನ್ನು ಡಾಕ್ಟರು ಅವನ ಮುಂದೆ ತೆರೆದಿಟ್ಟರು. ಅವನು ಬಹಳ ಹೊತ್ತು ಬರೆದ, ಎರಡೇ ಸಾಲು. ಸಹಿ ಹಾಕುವಾಗ ಕೈ ಜಾರಿ ಕೊನೆಯ ಅಕ್ಷರ ಗೆರೆಯಿಂದ ಹೊರಗೆ ಹೋಯಿತು.

ಆ ಸಂಜೆ ಐದನೇ ಮಹಡಿಯ ಬಾಗಿಲು ಬಡಿಯಿತು. ಅವಳು ತೆರೆದಳು. ಭಾವ ಏದುಸಿರು ಬಿಡುತ್ತ ನಿಂತಿದ್ದ.

"ಅವನಿದಾನಾ?" ಎಂದ.

ಅವಳು ಬಾಗಿಲ ಚೌಕಟ್ಟಿನಿಂದ ಕದಲಲಿಲ್ಲ. "ಆವತ್ತು ಮೈಕು ಹಿಡಿದು ಎಲ್ಲರೆದುರು ಹೇಳಿದ್ದನ್ನ, ಇಲ್ಲಿ ಯಾರೂ ಇಲ್ಲದಿದ್ದಾಗ ವಾಪಸ್ ತಗೊಳ್ಳೋಕೆ ಬಂದ್ರಾ?"

ಹಿಂದಿನಿಂದ ಗಂಡನ ದನಿ ಬಂತು. "ದಾರಿ ಬಿಡು. ಒಳಗೆ ಬರಲಿ."

"ರೀ, ನಿಮಗೆ ಮಾನ ಮರ್ಯಾದೆ ಇಲ್ವಾ?"

"ಇತ್ತು. ಇವತ್ತು ನೀನೇ ವಾಪಸ್ ತಂದುಕೊಟ್ಟೆಯಲ್ಲ. ಈಗ ಅದನ್ನ ಏನು ಮಾಡ್ಬೇಕು ಅಂತ ನಾನು ನೋಡ್ಕೋತೀನಿ."

ಅವಳು ಪಕ್ಕಕ್ಕೆ ಸರಿದಳು. ಅಡುಗೆಮನೆಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಟ್ಟಿಗೆ ಹಾಕಿ, ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರಿನ ಸದ್ದಿನ ನಡುವೆಯೂ ಅಣ್ಣನ ಒಡೆದ ದನಿ ಕೇಳಿಸುತ್ತಿತ್ತು. "ನಾನು ಆವತ್ತೇ ಆ ಕಾಗದದ ಬುಡ ಓದಿದ್ದೆ ಕಣೋ. ಸಭೆ ನಡೆದ ವಾರ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

ಅವಳ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಗೊತ್ತಿತ್ತು! ನಾಲ್ಕು ವರ್ಷ ಗೊತ್ತಿದ್ದೂ! ತಟ್ಟೆಯನ್ನು ಹೊರಗೆ ಎಸೆಯಬೇಕೆನಿಸಿತು. ಗಂಡ ಕುರ್ಚಿಯೊಂದನ್ನು ಎಳೆದುಕೊಟ್ಟ ಸದ್ದು ಕೇಳಿತು. ಆಮೇಲೆ, "ಅಷ್ಟು ಮೆಟ್ಟಿಲು ಯಾಕೆ ಹತ್ತಿ ಬಂದೆ? ಲಿಫ್ಟ್ ಇತ್ತಲ್ಲ" ಎಂದ.

"ನೀನು ಹತ್ತುತ್ತಿದ್ದೆಯಲ್ಲ."

ನೀರು ಕೊಡು ಎಂದು ಗಂಡ ಕೂಗಿದ. ಅವಳು ಲೋಟ ತುಂಬಿಸಿ ಮೇಜಿನ ಮೇಲೆ ಕುಕ್ಕಿದಳು. ನೀರು ಚೆಲ್ಲಿತು.

"ನಿಮ್ಮ ತಮ್ಮ ಕ್ಷಮಿಸಬಹುದು ಭಾವ, ಅದು ಅವರ ದೊಡ್ಡತನ" ಎಂದಳು. "ನಾನು ಕ್ಷಮಿಸಿಲ್ಲ. ಕುಡಿದು ಹೋಗಿ."

ಭಾವ ಲೋಟ ಎತ್ತಿ, ತಲೆ ತಗ್ಗಿಸಿಕೊಂಡೇ ಕುಡಿದ. ಅವಳು ಬಟ್ಟೆ ತಂದು ಚೆಲ್ಲಿದ ನೀರನ್ನು ಒರೆಸತೊಡಗಿದಳು, ಮೇಜು ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.